ಸಿಡಿಲು ಬಡಿದ ಮೇಲೆ ಕಂಪ್ಯೂಟರ್, ರೌಟರ್‌ಗಳಲ್ಲಿ ಏನು ಉಳಿದಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡಿಲಿನ ಮಾರನೇ ದಿನ ಎಲ್ಲರೂ ಕೇಳುವ ಮೊದಲ ಪ್ರಶ್ನೆ 'ಯಾವುದು ಸುಟ್ಟಿದೆ?' ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಸರ್ಜ್, ಅಂದರೆ ಕ್ಷಣಕಾಲ ನುಗ್ಗುವ ಅತಿ ವೋಲ್ಟೇಜ್, ಯಾವ ವೈರಿನಿಂದ ಒಳಗೆ ಬಂತು, ಯಾವ ವೈರಿನಿಂದ ಹೊರಗೆ ಹೋಯಿತು? ಈ ದಾರಿ ಗೊತ್ತಾದರೆ ಯಾವುದನ್ನು ಅನುಮಾನಿಸಬೇಕು, ಯಾವುದನ್ನು ಬಿಡಬಹುದು ಅನ್ನುವುದು ಹೆಚ್ಚುಕಡಿಮೆ ತಾನಾಗೇ ತಿಳಿಯುತ್ತದೆ. ಇಲ್ಲಿ ಮನೆಯ ಕಂಪ್ಯೂಟರ್, ರೌಟರ್, ಯುಪಿಎಸ್ ಇರುವ ಮೇಜನ್ನೇ ಇಟ್ಟುಕೊಂಡು ಮಾತಾಡೋಣ.

### ಸಿಡಿಲು ನಮ್ಮ ಮನೆಗೆ ಬಡಿದೇ ಇಲ್ಲ. ಆದರೂ ರೌಟರ್ ಹೋಗಿದೆ. ಹೇಗೆ?

ಬಡಿಯಲೇಬೇಕು ಅಂತೇನಿಲ್ಲ. ಸಿಡಿಲಿನ ಒಂದು ಹೊಡೆತದಲ್ಲಿ ಸಾಮಾನ್ಯವಾಗಿ ಸುಮಾರು 30,000 ಆಂಪಿಯರ್ ಕರೆಂಟ್ ಹರಿಯುತ್ತದೆ. ಅದು ಸೊನ್ನೆಯಿಂದ ಮೇಲಕ್ಕೇರಲು ತೆಗೆದುಕೊಳ್ಳುವ ಸಮಯ ಕೆಲವೇ ಮೈಕ್ರೋಸೆಕೆಂಡ್. ಅಷ್ಟು ವೇಗವಾಗಿ ಬದಲಾಗುವ ಕರೆಂಟಿನ ಸುತ್ತ ದೊಡ್ಡ ಕಾಂತಕ್ಷೇತ್ರ ಏಳುತ್ತದೆ. ಹತ್ತಿರದಲ್ಲಿ ಉದ್ದನೆಯ ತಾಮ್ರದ ವೈರ್ ಇದ್ದರೆ ಸಾಕು, ಅದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಕಂಬದಿಂದ ಬರುವ ಕರೆಂಟ್ ಲೈನ್, ಟೆಲಿಫೋನ್ ಲೈನ್, ಕೇಬಲ್ ಟಿವಿ ವೈರ್, ಡಿಶ್ ಆಂಟೆನಾದ ಕೇಬಲ್, ಎರಡು ಕೋಣೆಗಳ ನಡುವೆ ಎಳೆದ ಲ್ಯಾನ್ ಕೇಬಲ್ ಎಲ್ಲವೂ ಇದಕ್ಕೆ ಆಗಿಬರುತ್ತವೆ.

ಇನ್ನೊಂದು ದಾರಿ ನೆಲ. ಸಿಡಿಲು ಹತ್ತಿರದ ಮರಕ್ಕೆ ಬಡಿದರೆ ಅಲ್ಲಿನ ನೆಲದ ವೋಲ್ಟೇಜ್ ಆ ಕ್ಷಣಕ್ಕೆ ಏರುತ್ತದೆ. ನಿಮ್ಮ ಅರ್ಥಿಂಗ್ ಗುಂಡಿಯೂ ಅದರ ಜೊತೆ ಏರುತ್ತದೆ. ದೂರದಿಂದ ಬಂದ ಟೆಲಿಫೋನ್ ವೈರ್ ಮಾತ್ರ ಹಳೆಯ ಮಟ್ಟದಲ್ಲೇ ಇರುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡಿರುವುದು ನಿಮ್ಮ ರೌಟರ್!

### ಗುಡುಗು ನಿಂತಿದೆ. ಈಗ ಮೊದಲು ಏನು ಮಾಡಬೇಕು?

ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಯಾವ ವೈರನ್ನೂ ಮುಟ್ಟಬೇಡಿ. ಆಮೇಲೆ ಕಣ್ಣು ಮತ್ತು ಮೂಗು ಬಳಸಿ. ಸುಟ್ಟ ವಾಸನೆ, ಕಪ್ಪಾದ ಸಾಕೆಟ್, ಕರಗಿದ ಪ್ಲಗ್, ಸ್ವಿಚ್ ಬೋರ್ಡಿನಿಂದ ಚಿಟಿಚಿಟಿ ಸದ್ದು, ಗೋಡೆಯಲ್ಲಿ ವೈರಿನ ಗುಂಟ ಬಿರುಕು ಇವುಗಳಲ್ಲಿ ಒಂದು ಕಂಡರೂ ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಸ್ವಿಚ್ ಬೋರ್ಡೇ ಸುಟ್ಟಂತೆ ಇದ್ದರೆ ಅದನ್ನು ಮುಟ್ಟದೆ ಹೊರಗೆ ಬನ್ನಿ. ಮಿಕ್ಕಿದ ಪ್ರಶ್ನೆಗಳೆಲ್ಲ ವೈರಿಂಗ್ ಸರಿ ಇದೆ ಅಂತ ಗೊತ್ತಾದ ಮೇಲಿನವು.

ವೈರಿಂಗ್ ಒಳಗೆ ಪೆಟ್ಟಾಗಿದೆಯೇ ಎಂದು ನೋಡಲು ಎಲೆಕ್ಟ್ರಿಷಿಯನ್ ಮೆಗ್ಗರ್ ಹಾಕುತ್ತಾರೆ. 500 ವೋಲ್ಟ್ ಕೊಟ್ಟು ವೈರಿನ ಇನ್ಸುಲೇಶನ್ ಅಳೆಯುವ ಉಪಕರಣ ಅದು. ಕನಿಷ್ಠ 1 ಮೆಗಾಓಮ್ ಬರಬೇಕು. ಆ ಪರೀಕ್ಷೆಗೆ ಮುಂಚೆ ಮನೆಯ ಎಲ್ಲ ಎಲೆಕ್ಟ್ರಾನಿಕ್ಸ್ ಪ್ಲಗ್ ಕಿತ್ತಿರಬೇಕು. ಸರ್ಜ್ ಪ್ರೊಟೆಕ್ಟರ್ ಸಿಕ್ಕಿಸಿಯೇ ಇದ್ದರೆ ಅದು ಆ 500 ವೋಲ್ಟನ್ನು ತಾನೇ ಹೀರಿ ತಪ್ಪು ಅಳತೆ ಕೊಡುತ್ತದೆ. ಸಿಡಿಲಿಂದ ಬಚಾವಾದ ಸಾಮಾನು ಮೆಗ್ಗರಿಗೆ ಬಲಿಯಾಗುವುದೂ ಉಂಟು.

ಕರೆಂಟ್ ನೆಲಕ್ಕೆ ಸೋರಿದಾಗ ಲೈನ್ ಕಡಿಯುವ ಆರ್‌ಸಿಸಿಬಿ ಬೋರ್ಡಿನಲ್ಲಿ ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ. ಟ್ರಿಪ್ ಆಗದಿದ್ದರೆ ಅದನ್ನು ಬದಲಿಸಿ. ಸಿಡಿಲಿನ ನಂತರ ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಕಂಪ್ಯೂಟರ್ ಹೋದರೆ ದುಡ್ಡು ಹೋಗುತ್ತದೆ. ಇದು ಕೆಟ್ಟಿದ್ದು ಗೊತ್ತಾಗದೇ ಹೋದರೆ ಜೀವಕ್ಕೆ ಅಪಾಯ.

### ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿ ನೋಡಬಹುದಾ?

ಬೇಡ. ಸರ್ಜ್ ಬಂದಾಗ ನ್ಯೂಟ್ರಲ್ ಸಡಿಲಾಗಿದ್ದರೆ ಸಾಕೆಟ್ಟಿನಲ್ಲಿ ಈಗಲೂ ತಪ್ಪು ವೋಲ್ಟೇಜ್ ಇರಬಹುದು. ಎಲ್ಲವನ್ನೂ ಕಿತ್ತಿಟ್ಟು, ಒಂದು ಸಾದಾ ಬಲ್ಬ್ ಅಥವಾ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಬೆಳಕು ಏರಿಳಿಯುತ್ತಿದ್ದರೆ, ಅತಿಯಾಗಿ ಪ್ರಕಾಶಿಸಿದರೆ, ಅಲ್ಲಿಗೇ ನಿಲ್ಲಿಸಿ. ಸರಿ ಇದ್ದರೆ ಒಂದೊಂದಾಗಿ ಹಾಕಿ, ಪ್ರತಿಯೊಂದಕ್ಕೂ ಕೆಲವು ನಿಮಿಷ ಬಿಟ್ಟು ಮುಟ್ಟಿ ನೋಡಿ, ಮೂಸಿ ನೋಡಿ.

ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರು ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆಯಬಹುದು. 230 ವೋಲ್ಟ್ ಲೈನಿನಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ ಅದರ ಆಸುಪಾಸು, ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಬರಬೇಕು. ಫೇಸ್ ಮತ್ತು ಅರ್ಥ್ ನಡುವೆ ತುಂಬಾ ಕಡಿಮೆ ಬಂದರೆ ಅರ್ಥಿಂಗ್ ಕಡಿದಿದೆ. ಆದರೆ ಇದರ ಮಿತಿಯೂ ಗೊತ್ತಿರಲಿ. ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆ. ಹಾಗಾಗಿ ತುಕ್ಕು ಹಿಡಿದ ಅರ್ಥ್ ಕೂಡ ಮೀಟರಿನಲ್ಲಿ ಒಳ್ಳೆಯದಾಗೇ ಕಾಣುತ್ತದೆ. ಅರ್ಥ್ ನಿಜಕ್ಕೂ ಎಷ್ಟು ಗಟ್ಟಿ ಅಂತ ತಿಳಿಯಲು ಎಲೆಕ್ಟ್ರಿಷಿಯನ್ ಬಳಿ ಇರುವ ಅರ್ಥ್ ಟೆಸ್ಟರೇ ಬೇಕು.

### 'ದಾರಿ ಹುಡುಕಿ' ಅಂತೀರಲ್ಲ, ಒಂದು ಉದಾಹರಣೆ ಕೊಡಿ.

ತುಂಬಾ ಕಡೆ ನಡೆಯುವ ಪ್ರಕರಣ ಇದು. ಹಾಲ್‌ನಲ್ಲಿ ರೌಟರ್ ಇದೆ. ಅದಕ್ಕೆ ಹೊರಗಿಂದ ತಾಮ್ರದ ಟೆಲಿಫೋನ್ ಲೈನ್ ಬರುತ್ತದೆ. ರೌಟರಿನಿಂದ ಒಳಕೋಣೆಯ ಡೆಸ್ಕ್‌ಟಾಪ್‌ಗೆ ಉದ್ದನೆಯ ಲ್ಯಾನ್ ಕೇಬಲ್. ಡೆಸ್ಕ್‌ಟಾಪ್ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಮೂಲಕ ಮೂರು ಪಿನ್ನಿನ ಸಾಕೆಟ್ಟಿಗೆ ಹೋಗಿದೆ. ರೌಟರಿನ ಅಡಾಪ್ಟರ್ ಮಾತ್ರ ನೇರವಾಗಿ ಗೋಡೆಗೆ, ಅದೂ ಎರಡು ಪಿನ್.

ಸಿಡಿಲಿನ ನಂತರ ಹೀಗೆ ಕಂಡಿತು ಅಂದುಕೊಳ್ಳಿ. ರೌಟರಿನ ಪವರ್ ದೀಪ ಉರಿಯುತ್ತಿದೆ, ವೈ-ಫೈ ಬರುತ್ತಿದೆ, ಆದರೆ ಲೈನಿನ ದೀಪ ಸತ್ತಿದೆ. ಮೊದಲನೇ ಲ್ಯಾನ್ ಪೋರ್ಟ್ ಸತ್ತಿದೆ, ಮಿಕ್ಕ ಮೂರು ಚೆನ್ನಾಗಿವೆ. ಡೆಸ್ಕ್‌ಟಾಪ್ ಆನ್ ಆಗುತ್ತದೆ, ಅದರ ಲ್ಯಾನ್ ಪೋರ್ಟ್ ಮಾತ್ರ ಸತ್ತಿದೆ. ಸರ್ಜ್ ಪ್ರೊಟೆಕ್ಟರಿನ ದೀಪ ಎಂದಿನಂತೆ ಹಸಿರು.

ಮೇಲ್ನೋಟಕ್ಕೆ ಸರ್ಜ್ ಮನಸ್ಸಿಗೆ ಬಂದಂತೆ ಆಡಿದ ಹಾಗಿದೆ, ಅಲ್ವಾ? ಸತ್ತ ಜಾಗಗಳನ್ನು ಕಾಗದದ ಮೇಲೆ ಬರೆದು ಗೆರೆ ಎಳೆಯಿರಿ. ಟೆಲಿಫೋನ್ ಲೈನ್, ರೌಟರಿನ ಮೊದಲನೇ ಪೋರ್ಟ್, ಲ್ಯಾನ್ ಕೇಬಲ್, ಡೆಸ್ಕ್‌ಟಾಪಿನ ಲ್ಯಾನ್ ಚಿಪ್, ಕ್ಯಾಬಿನೆಟ್, ಅದರ ಮೂರನೇ ಪಿನ್, ಅರ್ಥ್. ಒಂದೇ ನೇರ ದಾರಿ! ರೌಟರಿಗೆ ಅರ್ಥ್ ಇರಲಿಲ್ಲ, ಡೆಸ್ಕ್‌ಟಾಪಿಗೆ ಇತ್ತು. ಹಾಗಾಗಿ ಲೈನಿನಲ್ಲಿ ಬಂದ ಸರ್ಜ್ ಅರ್ಥ್ ಹುಡುಕಿಕೊಂಡು ಡೆಸ್ಕ್‌ಟಾಪ್ ಮೂಲಕವೇ ಇಳಿಯಿತು. ಕರೆಂಟ್ ಲೈನಿನಲ್ಲಿ ಏನೂ ಬರಲಿಲ್ಲ. ಪ್ರೊಟೆಕ್ಟರಿಗೆ ಕೆಲಸವೇ ಬೀಳಲಿಲ್ಲ.

ಈ ಗೆರೆಯಿಂದ ಪರೀಕ್ಷೆಯ ಕ್ರಮವೂ ಬರುತ್ತದೆ. ಡೆಸ್ಕ್‌ಟಾಪಿಗೆ ಅದೇ ಹೊತ್ತಿನಲ್ಲಿ ಬೇರೇನು ಸಿಕ್ಕಿಸಿತ್ತು? ಯುಎಸ್‌ಬಿ ಪ್ರಿಂಟರ್ ಇದ್ದು, ಅದಕ್ಕೂ ಬೇರೆ ಸಾಕೆಟ್ಟಿನಿಂದ ಅರ್ಥ್ ಇದ್ದರೆ, ಮುಂದಿನ ಅನುಮಾನ ಅದರ ಮೇಲೆ. ಅದೇ ಮೇಜಿನ ಮೇಲಿದ್ದು ಬ್ಯಾಟರಿಯಲ್ಲಿ ಓಡುತ್ತಿದ್ದ, ವೈ-ಫೈ ಮಾತ್ರ ಬಳಸುತ್ತಿದ್ದ ಲ್ಯಾಪ್‌ಟಾಪ್ ಈ ದಾರಿಯಲ್ಲೇ ಇರಲಿಲ್ಲ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

### ಕಂಪ್ಯೂಟರ್ ಆನ್ ಆಗುತ್ತಲೇ ಇಲ್ಲ. ಪೂರ್ತಿ ಹೋಯಿತಾ?

ಅಷ್ಟು ಬೇಗ ಕೈ ಚೆಲ್ಲಬೇಡಿ. ಕರೆಂಟ್ ಲೈನಿನಿಂದ ಬಂದ ಸರ್ಜ್ ಮೊದಲು ಸಿಗುವುದು ಪವರ್ ಸಪ್ಲೈಗೆ, ಅಂದರೆ ಎಸ್‌ಎಂಪಿಎಸ್‌ಗೆ. ಎಷ್ಟೋ ಸಲ ಅದೊಂದೇ ಸತ್ತಿರುತ್ತದೆ. ಅದರೊಳಗಿನ ಫ್ಯೂಸ್ ಹೋಗಿದ್ದರೆ ಹೊಸದು ಹಾಕಿ ನೋಡೋಣ ಅನ್ನಿಸಬಹುದು. ಆ ಫ್ಯೂಸ್ ಸುಮ್ನೆ ಹೋಗುವುದಿಲ್ಲ, ಅದರ ಹಿಂದೆ ಇನ್ನೇನೋ ಶಾರ್ಟ್ ಆಗಿರುತ್ತದೆ. ಅಲ್ಲದೆ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಡಬ್ಬಿ ಬಿಚ್ಚಬೇಡಿ.

ಬಿಚ್ಚದೆಯೇ ನೋಡಬಹುದಾದದ್ದು ಇದೆ. ಪ್ಲಗ್ ಕಿತ್ತು, ಮದರ್‌ಬೋರ್ಡ್, ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಎಲ್ಲಕ್ಕೂ ಹೋಗುವ ಕನೆಕ್ಟರುಗಳನ್ನು ತೆಗೆಯಿರಿ. ಈಗ ಎಸ್‌ಎಂಪಿಎಸ್ ಒಂಟಿ. ಅದಕ್ಕೆ ಕರೆಂಟ್ ಕೊಟ್ಟು, 24 ಪಿನ್ನಿನ ಕನೆಕ್ಟರಿನಲ್ಲಿ 9ನೇ ಪಿನ್ ಅಳೆಯಿರಿ. ಹಳೆಯ ಸಪ್ಲೈಗಳಲ್ಲಿ ಅದು ನೇರಳೆ ವೈರ್, ಹೊಸವುಗಳಲ್ಲಿ ಎಲ್ಲವೂ ಕಪ್ಪಿರಬಹುದು, ಆಗ ಪಿನ್ ಎಣಿಸಬೇಕು. ಕಂಪ್ಯೂಟರ್ ಆಫ್ ಇದ್ದರೂ ಇಲ್ಲಿ 5 ವೋಲ್ಟ್ ಇರಬೇಕು, 4.75ರಿಂದ 5.25ರ ಒಳಗೆ. ಸೊನ್ನೆ ಇದ್ದರೆ ಸಪ್ಲೈ ಹೋಗಿದೆ, ಮುಂದೆ ಪರೀಕ್ಷೆ ಬೇಡ.

5 ವೋಲ್ಟ್ ಬಂದರೆ ಮತ್ತೆ ಪ್ಲಗ್ ಕಿತ್ತು, 16ನೇ ಪಿನ್ನನ್ನು ಪಕ್ಕದ 17ನೇ ಪಿನ್ನಿಗೆ ಒಂದು ಪೇಪರ್ ಕ್ಲಿಪ್ಪಿನಿಂದ ಸೇರಿಸಿ. ಹಳೆಯವುಗಳಲ್ಲಿ ಇವು ಹಸಿರು ಮತ್ತು ಕಪ್ಪು. ಕರೆಂಟ್ ಕೊಟ್ಟರೆ ಸಪ್ಲೈ ಆನ್ ಆಗಬೇಕು, 12 ವೋಲ್ಟ್ ವೈರಿನಲ್ಲಿ 11.4ರಿಂದ 12.6ರ ನಡುವೆ ಬರಬೇಕು. ಬಂದರೆ ಸಪ್ಲೈ ಬದುಕಿದೆ ಅನ್ನುವ ಮಟ್ಟಿಗೆ ನಂಬಬಹುದು. ಪೂರ್ತಿ ಲೋಡ್ ಹೊರುತ್ತದೆ ಅಂತ ಇದರಿಂದ ಸಾಬೀತಾಗುವುದಿಲ್ಲ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಸಪ್ಲೈ ಒಂಟಿಯಾಗಿ ಓಡುತ್ತದೆ, ಎಲ್ಲ ಸೇರಿಸಿದರೆ ಒಂದು ಕ್ಷಣ ಫ್ಯಾನ್ ತಿರುಗಿ ನಿಲ್ಲುತ್ತದೆ. ಮದರ್‌ಬೋರ್ಡ್ ಹೋಯಿತು ಅಂತ ತೀರ್ಮಾನಿಸುವ ಮೊದಲು ಡಿಸ್ಕುಗಳ ಪವರ್ ವೈರ್ ಕಿತ್ತು ನೋಡಿ. ಹಾರ್ಡ್ ಡಿಸ್ಕಿನ ಬೋರ್ಡಿನಲ್ಲಿ 5 ಮತ್ತು 12 ವೋಲ್ಟ್ ಲೈನುಗಳಿಗೆ ಕಾವಲು ಡಯೋಡುಗಳಿರುತ್ತವೆ. ವೋಲ್ಟೇಜ್ ಏರಿದಾಗ ಅವು ತಾವು ಶಾರ್ಟ್ ಆಗಿ ಡಿಸ್ಕನ್ನು ಕಾಯುತ್ತವೆ. ಆ ಶಾರ್ಟ್ ಕಂಡ ಸಪ್ಲೈ ಆನ್ ಆಗಲು ಒಪ್ಪುವುದಿಲ್ಲ. ಡಿಸ್ಕ್ ಕಿತ್ತ ತಕ್ಷಣ ಕಂಪ್ಯೂಟರ್ ಎದ್ದು ಕೂತರೆ ಕಾರಣ ಇದೇ. ಅದರಲ್ಲಿ ಒಳ್ಳೆಯ ಸುದ್ದಿಯೂ ಇದೆ: ಡಿಸ್ಕಿನೊಳಗಿನ ತಟ್ಟೆಗಳಿಗೆ ಏನೂ ಆಗಿಲ್ಲದಿರುವ ಸಾಧ್ಯತೆ ಜಾಸ್ತಿ. ಡೇಟಾ ತೆಗೆಯುವವರ ಕೈಗೆ ಕೊಟ್ಟರೆ ಅದು ಸಿಗಬಹುದು.

### ಕಂಪ್ಯೂಟರ್ ಓಡುತ್ತಿದೆ, ಇಂಟರ್ನೆಟ್ ಮಾತ್ರ ಬರುತ್ತಿಲ್ಲ ಅಥವಾ ತುಂಬಾ ನಿಧಾನ.

ಮೊದಲು ಬೇರೆ ಕೇಬಲ್ ಹಾಕಿ ನೋಡಿ, ಆಮೇಲೆ ರೌಟರಿನ ಬೇರೆ ಪೋರ್ಟಿಗೆ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದು ಕೆಟ್ಟಿತ್ತು ಅಂತ ಗೊತ್ತಾಗದೇ ಹೋಗುತ್ತದೆ. ದೀಪವೇ ಬಾರದಿದ್ದರೆ ಪೋರ್ಟ್ ಸತ್ತಿದೆ.

ಅರ್ಧ ಸತ್ತ ಪೋರ್ಟುಗಳೇ ತಲೆನೋವು. ಗಿಗಾಬಿಟ್ ವೇಗಕ್ಕೆ ಲ್ಯಾನ್ ಕೇಬಲ್ಲಿನ ನಾಲ್ಕೂ ಜೋಡಿ ವೈರ್ ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಸರ್ಜ್ ಮಿಕ್ಕ ಎರಡು ಜೋಡಿಗಳಲ್ಲಿ ಒಂದರ ಹಿಂದಿನ ಭಾಗವನ್ನು ಮಾತ್ರ ಕೆಡಿಸಿದರೆ, ಪೋರ್ಟ್ ಕೆಲಸ ಮಾಡುತ್ತಲೇ ಇರುತ್ತದೆ, ವೇಗ ಮಾತ್ರ 100ಕ್ಕೆ ಇಳಿಯುತ್ತದೆ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ನೋಡಿ:

```
Get-NetAdapter | Select Name, Status, LinkSpeed
```

ಲಿನಕ್ಸ್‌ನಲ್ಲಿ ವೇಗದ ಜೊತೆ ಎಣಿಕೆಗಳನ್ನೂ ನೋಡಬಹುದು. `eth0` ಜಾಗದಲ್ಲಿ ನಿಮ್ಮ ಪೋರ್ಟಿನ ಹೆಸರು ಬರೆಯಿರಿ:

```
ethtool eth0
ethtool -S eth0
```

ಮುಂಚೆ `1 Gbps` ಇದ್ದದ್ದು ಈಗ `100 Mbps` ತೋರಿಸಿದರೆ, ಒಳ್ಳೆಯ ಕೇಬಲ್ ಹಾಕಿದರೂ ಹಾಗೇ ಇದ್ದರೆ, ಪೋರ್ಟಿಗೆ ಪೆಟ್ಟಾಗಿದೆ. ಲಿನಕ್ಸ್‌ನ ಎರಡನೇ ಆಜ್ಞೆಯಲ್ಲಿ `errors` ಅಥವಾ `crc` ಅನ್ನುವ ಸಾಲುಗಳ ಎಣಿಕೆ ದೊಡ್ಡ ಫೈಲ್ ಕಾಪಿ ಮಾಡುವಾಗ ಏರುತ್ತಾ ಹೋದರೂ ಅದೇ ಅರ್ಥ.

ಲ್ಯಾನ್ ಪೋರ್ಟಿನಲ್ಲಿ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು 1500 ವೋಲ್ಟ್ ತಡೆಯುವಂತೆ ಮಾಡಿರುತ್ತಾರೆ. ಆದ್ದರಿಂದ ಪೋರ್ಟ್ ಸತ್ತಿದೆ ಅಂದರೆ ಅದಕ್ಕಿಂತ ಜಾಸ್ತಿ ಬಂದಿತ್ತು ಅಂತ ಊಹಿಸಬಹುದು. ಮದರ್‌ಬೋರ್ಡ್ ಬದಲಿಸುವ ಮುಂಚೆ ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಅಥವಾ ಕಾರ್ಡ್ ಹಾಕಿ ಓಡಿಸಿ, ಸತ್ತ ಪೋರ್ಟನ್ನು ಬಯೋಸ್‌ನಲ್ಲಿ ಆಫ್ ಮಾಡಿ. ಮಿಕ್ಕ ಬೋರ್ಡ್ ತಿಂಗಳುಗಟ್ಟಲೆ ಸರಿ ನಡೆದರೆ ಅದನ್ನು ಬದಲಿಸಲು ಕಾರಣವೇ ಇಲ್ಲ.

### ಡೇಟಾ ಸರಿ ಇದೆಯಾ ಅಂತ ಹೇಗೆ ನೋಡುವುದು?

ಡಿಸ್ಕ್ ತೆರೆಯುತ್ತಿದ್ದರೆ ಮೊದಲು ಬ್ಯಾಕಪ್, ಆಮೇಲೆ ಪರೀಕ್ಷೆ. ಈ ಕ್ರಮ ತಿರುಗಿಸಬೇಡಿ. ಪೂರ್ತಿ ಡಿಸ್ಕ್ ಓದುವ ಪರೀಕ್ಷೆ ಗಂಟೆಗಟ್ಟಲೆ ನಡೆಯುತ್ತದೆ, ಕುಂಟುತ್ತಿರುವ ಡಿಸ್ಕ್ ಅಷ್ಟರಲ್ಲೇ ಸಾಯಬಹುದು. ಮುಖ್ಯವಾದ ಫೈಲುಗಳನ್ನು ತೆಗೆದಿಟ್ಟು, ನಂತರ ಲಿನಕ್ಸ್‌ನಲ್ಲಿ:

```
sudo smartctl -a /dev/sda
```

ಹಾರ್ಡ್ ಡಿಸ್ಕಿನಲ್ಲಿ `Current_Pending_Sector` ಸಾಲಿನ ಕೊನೆಯ ಸಂಖ್ಯೆ ಸೊನ್ನೆ ಇರಬೇಕು. ಸಿಡಿಲಿನ ಹೊತ್ತಿಗೆ ಕರೆಂಟ್ ಹೋಗಿ ಬರಹ ಅರ್ಧಕ್ಕೆ ನಿಂತಿದ್ದರೆ ಇಲ್ಲಿ ಒಂದೆರಡು ಕಾಣಿಸಿಕೊಳ್ಳುತ್ತವೆ. ಆ ಜಾಗಕ್ಕೆ ಮತ್ತೆ ಬರೆದಾಗ ಹೋಗಿಬಿಡುವುದೂ ಉಂಟು. ದಿನದಿಂದ ದಿನಕ್ಕೆ ಏರುತ್ತಿದ್ದರೆ ಮಾತ್ರ ಡಿಸ್ಕ್ ಬದಲಿಸಿ. ವಿಂಡೋಸ್‌ನಲ್ಲಿ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಫೈಲ್ ವ್ಯವಸ್ಥೆಯನ್ನು `chkdsk C: /scan` ಕೊಟ್ಟು ನೋಡಬಹುದು. ಇದು ಓಡುತ್ತಿರುವ ವಿಂಡೋಸ್‌ನಲ್ಲೇ ನಡೆಯುತ್ತದೆ.

### ಎಲ್ಲ ಸರಿಯಾಗಿದೆ. ಇನ್ನು ಮರೆತುಬಿಡಬಹುದಾ?

ಒಂದೆರಡು ತಿಂಗಳು ಕಣ್ಣಿಟ್ಟಿರಿ. ಸರ್ಜ್ ಕೆಲವೊಮ್ಮೆ ಚಿಪ್ಪನ್ನು ಕೊಲ್ಲುವುದಿಲ್ಲ, ದುರ್ಬಲ ಮಾಡಿ ಬಿಡುತ್ತದೆ. ಅದು ವಾರಗಳ ನಂತರ ಬಿಸಿಗೋ ಲೋಡಿಗೋ ಸೋಲುತ್ತದೆ. ಕಾರಣವಿಲ್ಲದೆ ರೀಸ್ಟಾರ್ಟ್ ಆಗುವುದು, ಯುಎಸ್‌ಬಿ ಸಾಮಾನು ಕಾಣೆಯಾಗಿ ಮತ್ತೆ ಬರುವುದು, ಅಡಾಪ್ಟರ್ ಮೊದಲಿಗಿಂತ ಬಿಸಿಯಾಗುವುದು, ಸಪ್ಲೈನಿಂದ ಸಣ್ಣ ಕೀರಲು ಸದ್ದು ಇವುಗಳಿಗೆ ಸಿಡಿಲನ್ನು ಹೊಣೆ ಮಾಡಲು ಕಾರಣ ಇದೆ. ಆದರೆ ಆರು ತಿಂಗಳ ಮೇಲೆ ಕೆಟ್ಟ ಕೀಬೋರ್ಡಿಗೂ ಸಿಡಿಲನ್ನೇ ಬೈಯುವುದು ಸ್ವಲ್ಪ ಅತಿಯಾಯಿತು.

ವಿಮೆ ಇದ್ದರೆ ಸತ್ತ ಸಾಮಾನನ್ನು ಎಸೆಯುವ ಮೊದಲು ಫೋಟೊ, ಸೀರಿಯಲ್ ನಂಬರ್, ಸಿಡಿಲಿನ ದಿನಾಂಕ ಬರೆದಿಟ್ಟುಕೊಳ್ಳಿ.

### ಸರ್ಜ್ ಪ್ರೊಟೆಕ್ಟರ್ ಇತ್ತು. ಆದರೂ ಹಾಳಾಗಿದ್ದು ಯಾಕೆ?

ಮೇಲಿನ ಉದಾಹರಣೆಯಲ್ಲಿ ಒಂದು ಉತ್ತರ ಸಿಕ್ಕಿತು: ಸರ್ಜ್ ಅದು ಕಾಯದ ಬಾಗಿಲಿನಿಂದ ಬಂತು. ಕಾಯುವ ಬಾಗಿಲಿನಿಂದಲೇ ಬಂದರೂ ಅದಕ್ಕೆ ಮಿತಿಗಳಿವೆ.

ಒಳಗೆ ಇರುವುದು ಎಂಒವಿ ಅನ್ನುವ, ಸತುವಿನ ಆಕ್ಸೈಡಿನಿಂದ ಮಾಡಿದ ಬಿಲ್ಲೆ. ಸಾಮಾನ್ಯ ವೋಲ್ಟೇಜಿನಲ್ಲಿ ಅದು ಕರೆಂಟನ್ನು ಬಿಡುವುದಿಲ್ಲ. ವೋಲ್ಟೇಜ್ ಏರಿದಾಗ ಬಾಗಿಲು ತೆರೆದು ಜಾಸ್ತಿಯಾದದ್ದನ್ನು ನ್ಯೂಟ್ರಲ್ ಅಥವಾ ಅರ್ಥ್ ಕಡೆಗೆ ತಿರುಗಿಸುತ್ತದೆ. 230 ವೋಲ್ಟ್ ಲೈನಿಗೆ ಹಾಕುವ 275 ವೋಲ್ಟಿನ ಬಿಲ್ಲೆ ತೆರೆಯಲು ಶುರು ಮಾಡುವುದು ಸುಮಾರು 430 ವೋಲ್ಟಿಗೆ. ಸರ್ಜ್ ಹರಿಯುವಾಗ 700 ವೋಲ್ಟ್ ಅಥವಾ ಇನ್ನೂ ಜಾಸ್ತಿ ಉಳಿದೇ ಇರುತ್ತದೆ. ಅಂದರೆ ಅದು ಸರ್ಜನ್ನು ಇಲ್ಲವಾಗಿಸುವುದಿಲ್ಲ, ತಡೆದುಕೊಳ್ಳುವಷ್ಟಕ್ಕೆ ಇಳಿಸುತ್ತದೆ. ಅಷ್ಟನ್ನು ಒಳ್ಳೆಯ ಎಸ್‌ಎಂಪಿಎಸ್ ತಾಳಿಕೊಳ್ಳುತ್ತದೆ.

ಎರಡನೇ ಮಿತಿ ಅರ್ಥ್. ಮೂರನೇ ಪಿನ್ ಇಲ್ಲದ ಸಾಕೆಟ್ಟಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಪ್ರೊಟೆಕ್ಟರ್ ಹಾಕಿದರೆ, ಅರ್ಥ್ ಕಡೆಗಿನ ಬಿಲ್ಲೆಗಳು ಇದ್ದೂ ಇಲ್ಲದ ಹಾಗೆ. ಅರ್ಥ್ ಇದ್ದರೂ ಅದರ ವೈರ್ ಉದ್ದವಾಗಿದ್ದರೆ ಪ್ರಯೋಜನ ಕಡಿಮೆ. ಲೆಕ್ಕ ಹಾಕಿ ನೋಡೋಣ. ಕರೆಂಟ್ ಬೇಗ ಬದಲಾಗುವುದನ್ನು ತಡೆಯುವ ಗುಣ ಇಂಡಕ್ಟೆನ್ಸ್, ಅದು ಒಂದು ಮೀಟರ್ ವೈರಿಗೆ ಸುಮಾರು 1 ಮೈಕ್ರೋಹೆನ್ರಿ ಇರುತ್ತದೆ. 3000 ಆಂಪಿಯರಿನ ಸರ್ಜ್ 8 ಮೈಕ್ರೋಸೆಕೆಂಡಿನಲ್ಲಿ ಏರಿದರೆ, ಪ್ರತಿ ಮೀಟರಿಗೂ ಸುಮಾರು 375 ವೋಲ್ಟ್ ನಿಲ್ಲುತ್ತದೆ. ಹತ್ತು ಮೀಟರ್ ದೂರದ ಅರ್ಥ್ ಅಂದರೆ 3750 ವೋಲ್ಟ್. ಒಂದೇ ಮನೆಯ ಎರಡು ಕೋಣೆಗಳ ಅರ್ಥ್ ಆ ಕ್ಷಣಕ್ಕೆ ಒಂದೇ ಅಲ್ಲ. ಅವೆರಡನ್ನೂ ಲ್ಯಾನ್ ಕೇಬಲ್ ಸೇರಿಸುತ್ತಿದ್ದರೆ ಏನಾಗುತ್ತದೆ ಅಂತ ಮೇಲೆ ನೋಡಿದಿರಿ.

ನೇರವಾಗಿ ಮನೆಗೇ ಬಡಿದ ಸಿಡಿಲಿಗೆ ಸಾಕೆಟ್ಟಿನ ಪ್ರೊಟೆಕ್ಟರ್ ಏನೂ ಮಾಡಲಾರದು. ಅದಕ್ಕೆ ಮೇನ್ ಬೋರ್ಡಿನಲ್ಲೇ ಕೂರಿಸುವ ದೊಡ್ಡ ಸರ್ಜ್ ಪ್ರೊಟೆಕ್ಟರ್, ಅಂದರೆ ಎಸ್‌ಪಿಡಿ ಬೇಕು. ಸಿಡಿಲು ಬಂಧಕ ಇರುವ ಕಟ್ಟಡಕ್ಕೆ ಟೈಪ್ 1, ಇತರ ಮನೆಗಳಿಗೆ ಸಾಮಾನ್ಯವಾಗಿ ಟೈಪ್ 2 ಹಾಕುತ್ತಾರೆ. ಮೇಜಿನ ಬಳಿಯ ಪ್ರೊಟೆಕ್ಟರ್ ಟೈಪ್ 3. ದೊಡ್ಡದು ಹೆಚ್ಚಿನ ಹೊರೆಯನ್ನು ಬಾಗಿಲಲ್ಲೇ ಇಳಿಸುತ್ತದೆ, ಚಿಕ್ಕದು ಉಳಿದದ್ದನ್ನು ನೋಡಿಕೊಳ್ಳುತ್ತದೆ.

### ಪ್ರೊಟೆಕ್ಟರಿನ ದೀಪ ಉರಿಯುತ್ತಿದೆ. ಅದನ್ನೇ ಮುಂದುವರಿಸಬಹುದಾ?

ಯಾವ ದೀಪ ಅಂತ ನೋಡಿ. ಸ್ವಿಚ್ಚಿನ ಕೆಂಪು ದೀಪ ಕರೆಂಟ್ ಇದೆ ಅಂತ ಮಾತ್ರ ಹೇಳುತ್ತದೆ. `PROTECTED` ಅಥವಾ `SURGE` ಅಂತ ಬರೆದಿರುವ ದೀಪ ಬೇರೆ. ಬಿಲ್ಲೆ ಸತ್ತು ಅದರ ಪಕ್ಕದ ಥರ್ಮಲ್ ಫ್ಯೂಸ್ ಕಡಿದಾಗ ಆರುವುದು ಅದು. ಆರಿದ ಮೇಲೂ ಎಷ್ಟೋ ಮಾಡೆಲ್ಲುಗಳು ಕರೆಂಟ್ ಕೊಡುತ್ತಲೇ ಇರುತ್ತವೆ, ಕಾವಲು ಮಾತ್ರ ಇರುವುದಿಲ್ಲ. ಅಂಥ ದೀಪವೇ ಇಲ್ಲದ ಸಾಕೆಟ್ ಪಟ್ಟಿಯಾದರೆ, ಅದು ಬರೀ ಎಕ್ಸ್‌ಟೆನ್ಶನ್ ಬಾಕ್ಸ್ ಆಗಿರಬಹುದು. ಹಿಂದೆ ಜೂಲ್ ಅಥವಾ ಕಿಲೋಆಂಪಿಯರ್ ಬರೆದಿದೆಯಾ ನೋಡಿ.

ಎಂಒವಿ ಪ್ರತಿ ಹೊಡೆತಕ್ಕೂ ಸ್ವಲ್ಪ ಸವೆಯುತ್ತದೆ. ಎಷ್ಟು ಸವೆದಿದೆ ಅಂತ ದೀಪ ಹೇಳುವುದಿಲ್ಲ. ಲೋಡ್ ಇಲ್ಲದೆಯೂ ಪಟ್ಟಿ ಬೆಚ್ಚಗಿದ್ದರೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಅಲುಗಾಡಿಸಿದರೆ ಒಳಗೆ ಚೂರು ಸದ್ದಾದರೆ ಎಸೆಯಿರಿ. ಹತ್ತಿರದಲ್ಲಿ ಸಿಡಿಲು ಬಿದ್ದು ಆ ಸಾಲಿನಲ್ಲೇ ಏನಾದರೂ ಸತ್ತಿದ್ದರೆ, ದೀಪ ಉರಿದರೂ ಬದಲಿಸುವುದೇ ಒಳ್ಳೆಯದು ಅನ್ನುತ್ತೇನೆ ನಾನು. ಅದು ಕಾಯುವ ಸಾಮಾನಿನ ಮುಂದೆ ಅದರ ಬೆಲೆ ಸಣ್ಣದು.

### ಯುಪಿಎಸ್ ಇದ್ದರೆ ಸರ್ಜ್ ಪ್ರೊಟೆಕ್ಟರ್ ಬೇಕಿಲ್ಲ ಅಲ್ವಾ?

ಯುಪಿಎಸ್‌ನ ಮುಖ್ಯ ಕೆಲಸ ಕರೆಂಟ್ ಹೋದಾಗ ಓಡಿಸುವುದು. ಮನೆಗಳಲ್ಲಿ ಇರುವ ಬಹುತೇಕ ಯುಪಿಎಸ್‌ಗಳು ಸ್ಟ್ಯಾಂಡ್‌ಬೈ ಅಥವಾ ಲೈನ್ ಇಂಟರ್ಯಾಕ್ಟಿವ್ ಜಾತಿಯವು. ಕರೆಂಟ್ ಇರುವಾಗ ಇವು ಲೈನನ್ನೇ ಕಂಪ್ಯೂಟರಿಗೆ ದಾಟಿಸುತ್ತವೆ. ಹೋದಾಗ ಕೆಲವು ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬದಲಾಗುತ್ತವೆ. ಸಿಡಿಲಿನ ಸರ್ಜ್ ಮುಗಿಯುವುದು ಮೈಕ್ರೋಸೆಕೆಂಡುಗಳಲ್ಲಿ, ಅಂದರೆ ಯುಪಿಎಸ್ ಎಚ್ಚರಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸರ್ಜ್ ತಡೆಯುವುದು ಅದರೊಳಗಿನ ಎಂಒವಿಯೇ, ಅದು ಅನೇಕ ಮಾಡೆಲ್ಲುಗಳಲ್ಲಿ ಚಿಕ್ಕದು.

ಆನ್‌ಲೈನ್ ಯುಪಿಎಸ್ ಬೇರೆ. ಅದು ಬರುವ ಕರೆಂಟನ್ನು ಡಿಸಿ ಮಾಡಿ, ಮತ್ತೆ ಹೊಸದಾಗಿ ಎಸಿ ಮಾಡಿ ಕೊಡುತ್ತದೆ. ಏರಿಳಿತ ಕಂಪ್ಯೂಟರಿಗೆ ತಲುಪುವುದೇ ಕಷ್ಟ. ಆದರೂ ದೊಡ್ಡ ಸರ್ಜಿಗೆ ಅದರ ಮುಂಭಾಗ ತಾನೇ ಬಲಿಯಾಗಬಹುದು. ಹಾಗಾಗಿ ಯಾವ ಯುಪಿಎಸ್ ಇದ್ದರೂ ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ ಇದ್ದರೆ ಚೆನ್ನ.

ಸಿಡಿಲಿನ ಸಂಜೆ ಯುಪಿಎಸ್‌ನ ನಿಜವಾದ ಉಪಕಾರ ಬೇರೆಯೇ. ಕರೆಂಟ್ ಹೋಗಿ, ಬಂದು, ಮತ್ತೆ ಹೋಗುವ ಆಟದಲ್ಲಿ ಡಿಸ್ಕಿನ ಬರಹ ಅರ್ಧಕ್ಕೆ ನಿಲ್ಲದಂತೆ ಅದು ಕಾಯುತ್ತದೆ. ನೆನಪಿಡಿ, ಹಿಂದೆ ಇರುವ ಎಲ್ಲ ಸಾಕೆಟ್ಟಿಗೂ ಬ್ಯಾಟರಿ ಇರುವುದಿಲ್ಲ. ಕೆಲವಕ್ಕೆ `SURGE ONLY` ಅಂತ ಬರೆದಿರುತ್ತದೆ. ಯುಪಿಎಸ್‌ನ ಔಟ್‌ಪುಟ್‌ಗೆ ಸರ್ಜ್ ಪಟ್ಟಿ ಸಿಕ್ಕಿಸಬೇಡಿ. ತಯಾರಕರು ಸಾಮಾನ್ಯವಾಗಿ ಬೇಡ ಅನ್ನುತ್ತಾರೆ.

### ಸರ್ಜಿನ ನಂತರ ಯುಪಿಎಸ್ ಸರಿ ಇದೆಯಾ ಅಂತ ಹೇಗೆ ತಿಳಿಯುವುದು?

ಕಂಪ್ಯೂಟರ್ ಹಾಕದೆ, 12 ಗಂಟೆ ಚಾರ್ಜ್ ಆಗಲು ಬಿಡಿ. ಆಮೇಲೆ ಒಂದು ಲ್ಯಾಂಪ್ ಹಾಕಿ, ಗೋಡೆಯ ಸ್ವಿಚ್ ಆಫ್ ಮಾಡಿ. ಪ್ಲಗ್ ಕೀಳಬೇಡಿ, ಕಿತ್ತರೆ ಅರ್ಥ್ ಕೂಡ ಹೋಗುತ್ತದೆ. ಲ್ಯಾಂಪ್ ಆರದೆ ಉರಿಯಬೇಕು, ಬೀಪ್ ಬರಬೇಕು. ಸ್ವಿಚ್ ಹಾಕಿದಾಗ ಲೈನಿಗೆ ಮರಳಬೇಕು. ಕರೆಂಟ್ ಇದ್ದರೂ ಬ್ಯಾಟರಿಯಲ್ಲೇ ಉಳಿದರೆ ಇನ್‌ಪುಟ್ ಭಾಗ ಕೆಟ್ಟಿದೆ. ತಕ್ಷಣ ಆರಿದರೆ ಬ್ಯಾಟರಿ ಸೋತಿದೆ. ಸೀಸದ ಬ್ಯಾಟರಿ ಹೇಗೂ ಮೂರರಿಂದ ಐದು ವರ್ಷಕ್ಕೆ ಮುಗಿಯುತ್ತದೆ, ಅದಕ್ಕೆ ಸಿಡಿಲೇ ಬೇಕಿಲ್ಲ. ಉಬ್ಬಿದ ಬ್ಯಾಟರಿ ಕಂಡರೆ ಮತ್ತೆ ಚಾರ್ಜಿಗೆ ಹಾಕಬೇಡಿ.

### ಸಿಡಿಲೇ ಇರಲಿಲ್ಲ. ದೀಪಗಳು ಒಮ್ಮೆಲೇ ಪ್ರಕಾಶಿಸಿ ಒಂದಷ್ಟು ಸಾಮಾನು ಸುಟ್ಟವು.

ಇದು ಬೇರೆ ಕಾಯಿಲೆ. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ, ಕೆಲವು ಮನೆಗಳ ವೋಲ್ಟೇಜ್ ಇಳಿದು ಕೆಲವಕ್ಕೆ 400ರ ಹತ್ತಿರ ಏರಬಹುದು. ಇದು ಮೈಕ್ರೋಸೆಕೆಂಡ್ ಅಲ್ಲ, ನಿಮಿಷಗಟ್ಟಲೆ ಇರುತ್ತದೆ. ಎಂಒವಿ ಕ್ಷಣದ ಹೊಡೆತಕ್ಕೆ ಮಾಡಿದ್ದು. ಇಷ್ಟು ಹೊತ್ತು ಬಾಗಿಲು ತೆರೆದಿಟ್ಟರೆ ಕಾದು ಸಿಡಿಯುತ್ತದೆ. ಸುಟ್ಟ ಪ್ರೊಟೆಕ್ಟರ್, ಸಿಡಿದ ಎಲ್‌ಇಡಿ ಬಲ್ಬ್, ಸತ್ತ ಅಡಾಪ್ಟರ್‌ಗಳು ಒಟ್ಟಿಗೆ ಕಂಡು, ಲ್ಯಾನ್ ಪೋರ್ಟ್‌ಗಳೆಲ್ಲ ಚೆನ್ನಾಗಿದ್ದರೆ ಇದೇ ಅನುಮಾನ ಮಾಡಿ. ಇದಕ್ಕೆ ಬೇಕಾದದ್ದು ವೋಲ್ಟೇಜ್ ಏರಿದಾಗ ಲೈನನ್ನೇ ಕಡಿಯುವ ಓವರ್ ವೋಲ್ಟೇಜ್ ರಿಲೇ.

### ಸ್ಟೆಬಿಲೈಸರ್ ಹಾಕಿದರೆ?

ಅದು ನಿಧಾನದ ಏರಿಳಿತಕ್ಕೆ. ಸಿಡಿಲಿಗೆ ಅದರಿಂದ ಪ್ರಯೋಜನ ಇಲ್ಲ ಅನ್ನಿ.

### ಹಾಗಾದರೆ ಈ ಮೇಜನ್ನು ಹೊಸದಾಗಿ ಹೇಗೆ ಜೋಡಿಸಲಿ?

ನಮ್ಮ ಉದಾಹರಣೆಗೇ ಬರೋಣ. ರೌಟರನ್ನು ಹಾಲ್‌ನಿಂದ ಡೆಸ್ಕ್‌ಟಾಪ್ ಪಕ್ಕಕ್ಕೆ ತಂದು, ಎರಡನ್ನೂ ಒಂದೇ ಪ್ರೊಟೆಕ್ಟರಿಗೆ ಹಾಕಿ. ಟೆಲಿಫೋನ್ ಅಥವಾ ಕೇಬಲ್ ವೈರಿಗೂ ಜಾಗ ಇರುವ ಪ್ರೊಟೆಕ್ಟರ್ ತೆಗೆದುಕೊಂಡು, ಹೊರಗಿಂದ ಬರುವ ವೈರನ್ನು ಮೊದಲು ಅದರೊಳಗೆ ಹಾಯಿಸಿ. ಈಗ ಸರ್ಜ್ ಬಂದರೆ ಮೇಜಿನ ಮೇಲಿನ ಎಲ್ಲದರ ವೋಲ್ಟೇಜ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆ. ಎರಡು ಸಾಮಾನುಗಳ ನಡುವೆ ವ್ಯತ್ಯಾಸ ಇಲ್ಲದಿದ್ದರೆ ಅವುಗಳ ನಡುವೆ ಕರೆಂಟ್ ಹರಿಯುವುದಿಲ್ಲ. ರೌಟರನ್ನು ಸ್ಥಳ ಬದಲಿಸಲು ಆಗದಿದ್ದರೆ ಉದ್ದನೆಯ ಲ್ಯಾನ್ ಕೇಬಲ್ ಬಿಟ್ಟು ವೈ-ಫೈ ಬಳಸಿ. ವೈ-ಫೈ ಮೂಲಕ ಸರ್ಜ್ ಹರಿದು ಬರುವುದಿಲ್ಲ.

ಫೈಬರ್ ಸಂಪರ್ಕ ಇದ್ದರೆ ಹೊರಗಿನ ಲೈನಿನ ಚಿಂತೆ ಬಹುತೇಕ ಇಲ್ಲ, ಗಾಜಿನ ಎಳೆ ಕರೆಂಟ್ ಒಯ್ಯುವುದಿಲ್ಲ. ಆದರೆ ಕೆಲವು ಫೈಬರ್ ಕೇಬಲ್ಲುಗಳಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತದೆ. ಅದು ಮನೆಯೊಳಗೆ ಬಾರದಂತೆ ಹೊರಗೇ ಕತ್ತರಿಸಿಡಲು ಲೈನ್ ಹಾಕುವವರಿಗೆ ಹೇಳಿ. ಫೈಬರ್ ಡಬ್ಬಿಯ ಅಡಾಪ್ಟರ್ ಕರೆಂಟ್ ಲೈನಿಗೇ ಸೇರಿರುವುದರಿಂದ ಅದೂ ಅದೇ ಪ್ರೊಟೆಕ್ಟರಿಗೆ ಬರಲಿ.

### ಮಳೆ ಬರುವ ಹಾಗಿದೆ. ಪ್ಲಗ್ ಕಿತ್ತರೆ ಸಾಕಾ?

ಕರೆಂಟ್ ಪ್ಲಗ್ ಮಾತ್ರ ಕಿತ್ತರೆ ಅರ್ಧ ಕೆಲಸ ಆಯಿತು. ಟೆಲಿಫೋನ್ ಅಥವಾ ಕೇಬಲ್ ವೈರ್, ಲ್ಯಾನ್ ಕೇಬಲ್ ಕೂಡ ಕಿತ್ತು, ಅವುಗಳ ತುದಿಯನ್ನು ಸಾಮಾನಿನಿಂದ ದೂರ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅದರೊಳಗಿನ ಸಣ್ಣ ಸಂದನ್ನು ಸಿಡಿಲಿನ ಸರ್ಜ್ ಹಾರಿ ದಾಟಬಲ್ಲದು. ಇದೆಲ್ಲ ಮಾಡಬೇಕಾದದ್ದು ಗುಡುಗು ಕೇಳುವ ಮೊದಲು. ಗುಡುಗು ಶುರುವಾಗಿದ್ದರೆ ಪ್ಲಗ್ ಕೀಳಲು ಹೋಗಬೇಡಿ, ಸಾಮಾನು ಹೋದರೆ ಹೋಗಲಿ.